ಕ್ಯಾನ್ವಾದಲ್ಲಿ ಮಾಡಿದ ಮದುವೆ ಕಾರ್ಡು ಅಚ್ಚಿಗೆ ಹೋದಾಗ: ಒಂದು ಫೈಲಿನ ಪೂರ್ತಿ ಕಥೆ

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಸೀಸನ್ ಬಂತೆಂದರೆ ಈಗ ಅರ್ಧಕ್ಕರ್ಧ ಜನ ಡಿಸೈನ್ ತಾವೇ ಮಾಡಿಕೊಂಡು ಬರುತ್ತಾರೆ. ಹೆಚ್ಚಿನವರು ಬಳಸುವುದು ಕ್ಯಾನ್ವಾ ಅನ್ನುವ ಡಿಸೈನ್ ಆಪಿನ ಉಚಿತ ಆವೃತ್ತಿ. ಒಳ್ಳೆಯ ಟೂಲ್ ಅದು. ಆದರೆ ಅದರಿಂದ ಅಚ್ಚಿಗೆ ಸರಿಯಾದ ಫೈಲ್ ತೆಗೆಯುವ ದಾರಿಯಲ್ಲಿ ಕನ್ನಡಕ್ಕೇ ಅಂತ ಕೆಲವು ತೊಡಕುಗಳಿವೆ, ಇಂಗ್ಲಿಷ್ ವಿಡಿಯೋಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಈ ಸೀಸನ್ನಿನಲ್ಲಿ ಬಂದ ಒಂದು ಕೆಲಸದಲ್ಲಿ ಆ ತೊಡಕುಗಳೆಲ್ಲ ಸಾಲಾಗಿ ಎದುರಾದವು, ಅದಕ್ಕೇ ಅದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕೆಲಸ ಇಷ್ಟು. ಒಬ್ಬ ಹುಡುಗ, ತಂಗಿಯ ಮದುವೆ. 400 ಕಾರ್ಡು ಬೇಕು, ಎರಡೂ ಕಡೆ ಕಲರ್. ಮುಂದೆ ಮ್ಯಾಟರ್, ಹಿಂದೆ ನಿಶ್ಚಿತಾರ್ಥದ ಫೋಟೊ. ಡಿಸೈನ್ ಮಾಡಿ ನಮ್ಮ ನಂಬರಿಗೆ ವಾಟ್ಸಾಪಿನಲ್ಲಿ ಫೋಟೊ ಥರ ಕಳಿಸಿದ್ದ. "ಅಣ್ಣಾ, ಇದನ್ನ 5 ಇಂಚು 7 ಇಂಚಿಗೆ ಹಾಕಿ ಪ್ರಿಂಟ್ ತೆಗೆದುಕೊಡಿ" ಅಂದ.

ಫೋನಿನಲ್ಲಿ ನೋಡಿದರೆ ಕಾರ್ಡು ಚೆನ್ನಾಗೇ ಇತ್ತು. ಕಂಪ್ಯೂಟರಿನಲ್ಲಿ ತೆರೆದು ನೋಡಿದೆ: 900 ಪಿಕ್ಸೆಲ್ ಅಗಲ, 1600 ಪಿಕ್ಸೆಲ್ ಎತ್ತರ. ಅವನು ಆರಿಸಿಕೊಂಡಿದ್ದು ಮೊಬೈಲ್ ಆಮಂತ್ರಣದ ಟೆಂಪ್ಲೇಟು, ಅದರ ಅಳತೆ 1080 ಬೈ 1920. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದಾಗ ಉದ್ದದ ಬದಿ ಸುಮಾರು 1600ಕ್ಕೆ ಇಳಿಯುತ್ತದೆ, ಜೊತೆಗೆ ಚಿತ್ರ ಇನ್ನಷ್ಟು ಒತ್ತಿ ಸಣ್ಣದಾಗುತ್ತದೆ. ಅಕ್ಷರಗಳ ಸುತ್ತ ಮಣ್ಣುಬಣ್ಣದ ಚುಕ್ಕೆ ಕಾಣುತ್ತದಲ್ಲ, ಅದು ಈ ಒತ್ತುವಿಕೆಯ ಗುರುತು.

ಮೊದಲ ತೊಂದರೆ ಆಕಾರದ್ದೇ. ಮೊಬೈಲ್ ಪರದೆ ಉದ್ದ, ಕಾರ್ಡು ಅಷ್ಟು ಉದ್ದ ಅಲ್ಲ. ಎತ್ತರಕ್ಕೆ ಹೊಂದಿಸಿದರೆ ಎರಡೂ ಪಕ್ಕ ಖಾಲಿ ಉಳಿಯುತ್ತದೆ, ಅಗಲಕ್ಕೆ ಹೊಂದಿಸಿದರೆ ಮೇಲಿನ ಗಣಪತಿಯೋ ಕೆಳಗಿನ ಛತ್ರದ ವಿಳಾಸವೋ ಕತ್ತರಿಸಿ ಹೋಗುತ್ತದೆ. ಇದನ್ನು ನಾವು ಪ್ರೆಸ್ಸಿನಲ್ಲಿ ಎಳೆದು ಸರಿ ಮಾಡಲು ಆಗುವುದಿಲ್ಲ. ಎಳೆದರೆ ವರನ ಮುಖವೂ ಎಳೆಯುತ್ತದೆ.

ಹಾಗಾಗಿ ಮೊದಲಿಂದ ಶುರು ಮಾಡಬೇಕಾಯಿತು. ಡಿಸೈನಿಗೆ ಕೈ ಹಾಕುವ ಮುಂಚೆ ಅವನಿಗೆ ಎರಡು ವಿಷಯ ಹೇಳಿದೆ. ಒಂದು, ಮೊದಲು ಕವರ್ ನೋಡಿ. ಅಳತೆ ನೀವು ಮನಸ್ಸಿಗೆ ಬಂದಂತೆ ಇಟ್ಟುಕೊಂಡರೆ ಆಮೇಲೆ ಅದಕ್ಕೆ ಸರಿಹೊಂದುವ ಕವರ್ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಲು ಹೋದರೆ ಕವರಿಗೇ ಜಾಸ್ತಿ ದುಡ್ಡು. ಎರಡು, ನಮ್ಮ ಡಿಜಿಟಲ್ ಮಷೀನಿಗೆ ಹಾಕುವ ಹಾಳೆ 13 ಬೈ 19 ಇಂಚು. ಎಲ್ಲ ಕಾರ್ಡನ್ನೂ ಒಂದೇ ದಿಕ್ಕಿಗೆ ಜೋಡಿಸಿದರೆ ಒಂದು ಹಾಳೆಯಲ್ಲಿ 5 ಬೈ 7ರ ಕಾರ್ಡು ನಾಲ್ಕು ಕೂರುತ್ತದೆ. ಐದೂವರೆ ಬೈ ಎಂಟೂವರೆ ಕಾರ್ಡೂ ನಾಲ್ಕೇ ಕೂರುತ್ತದೆ. ಕಟಿಂಗಿಗೆ ಸುತ್ತ ಬಿಡುವ ಜಾಗ ಸೇರಿಸಿದರೂ ಅಗಲಕ್ಕೆ ಎರಡು ಇಟ್ಟರೆ 11.5 ಇಂಚು, ಉದ್ದಕ್ಕೆ ಎರಡು ಇಟ್ಟರೆ 17.5 ಇಂಚು, ಆರಾಮಾಗಿ ಹಿಡಿಯುತ್ತದೆ. ಅಂದರೆ ಎರಡಕ್ಕೂ 100 ಹಾಳೆಯೇ ಬೇಕು, ಕಟಿಂಗಿಗೆ ಹೆಚ್ಚುವರಿ ನಾಲ್ಕೈದು ಹಾಳೆ ಬಿಟ್ಟು. ಅವನ ಮ್ಯಾಟರ್ ಬೇರೆ ಉದ್ದ ಇತ್ತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಸೋದರಮಾವಂದಿರು, ಚಿಕ್ಕಪ್ಪಂದಿರು, ಊರಿನ ಹಿರಿಯರು ಎಲ್ಲ ಇದ್ದರು. 6 ಬೈ 9ರ ಕವರ್ ಸಿಕ್ಕಿತು, ಕಾರ್ಡನ್ನು ಐದೂವರೆ ಬೈ ಎಂಟೂವರೆ ಮಾಡಿದೆವು. ಅದೇ ಖರ್ಚು, ಅಕ್ಷರಕ್ಕೆ ಉಸಿರಾಡುವ ಜಾಗ ಸಿಕ್ಕಿತು.

ಈಗ ಕ್ಯಾನ್ವಾ. ಉಚಿತ ಆವೃತ್ತಿಯಲ್ಲಿ ಮಾಡಿಟ್ಟ ಡಿಸೈನಿನ ಅಳತೆ ಬದಲಿಸುವ ಸೌಲಭ್ಯ ಇಲ್ಲ, ಅದು ದುಡ್ಡು ಕೊಟ್ಟವರಿಗೆ. ಆದರೆ ಹೊಸದಾಗಿ ಬೇಕಾದ ಅಳತೆಯ ಡಿಸೈನ್ ಶುರು ಮಾಡಲು ಯಾವ ಅಡ್ಡಿಯೂ ಇಲ್ಲ. Custom size ಒತ್ತಿ, ಪಿಕ್ಸೆಲ್ ಜಾಗದಲ್ಲಿ ಇಂಚು ಅಂತ ಬದಲಿಸಿ, 5.5 ಮತ್ತು 8.5 ಹಾಕಬೇಕು. ಈ ಪಿಕ್ಸೆಲ್‌ನಿಂದ ಇಂಚಿಗೆ ಬದಲಿಸುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕ್ಯಾನ್ವಾ ಒಂದು ಇಂಚಿಗೆ 96 ಪಿಕ್ಸೆಲ್ ಅಂತ ಲೆಕ್ಕ ಹಿಡಿಯುತ್ತದೆ. ಹಾಗಾಗಿ 1080 ಬೈ 1920ರ ಡಿಸೈನನ್ನು ಹಾಗೇ ಪಿಡಿಎಫ್ ಮಾಡಿದರೆ ಅದು ಹನ್ನೊಂದೂಕಾಲು ಇಂಚು ಅಗಲ, 20 ಇಂಚು ಎತ್ತರದ ಪುಟ ಆಗುತ್ತದೆ. ಕಾರ್ಡಲ್ಲ, ಪೋಸ್ಟರ್.

ಹಳೆಯ ಡಿಸೈನಿನಲ್ಲಿ ಎಲ್ಲವನ್ನೂ ಆಯ್ದು ಕಾಪಿ ಮಾಡಿ ಹೊಸ ಪುಟಕ್ಕೆ ಪೇಸ್ಟ್ ಮಾಡಬಹುದು. ಪುಟಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಎಲ್ಲವೂ ಆಯ್ಕೆಯಲ್ಲಿರುವಾಗಲೇ ಮೂಲೆ ಹಿಡಿದು ಚಿಕ್ಕದು ಮಾಡಿ, ಆಮೇಲೆ ಒಂದೊಂದೇ ಜೋಡಿಸಿಕೊಳ್ಳುತ್ತಾ ಹೋದರೆ ಸಾಕು. ಹುಡುಗ ಒಂದು ಸಂಜೆಯಲ್ಲಿ ಅದನ್ನು ಮಾಡಿಕೊಂಡು ಬಂದ.

ಅಲ್ಲಿಂದ ಕನ್ನಡದ ಕೆಲಸ ಶುರುವಾಯಿತು.

ಅವನ ಚಿಕ್ಕಪ್ಪ ತಮ್ಮ ಮಗನ ಮದುವೆಯಲ್ಲಿ ಬಳಸಿದ್ದ ಮ್ಯಾಟರಿನ ಫೈಲ್ ಕೊಟ್ಟಿದ್ದರು, "ಇದರಲ್ಲಿ ಹೆಸರು ಬದಲಿಸಿಕೊಂಡರೆ ಆಯಿತು" ಅಂತ. ಅದು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕ್ಯಾನ್ವಾಕ್ಕೆ ಪೇಸ್ಟ್ ಮಾಡಿದ ತಕ್ಷಣ ಶ್ರೀ ಇದ್ದ ಕಡೆ `²æÃ` ಅಂತ ಬಂತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಅಲ್ಲಿರುವುದು ರೋಮನ್ ಲಿಪಿಯ ಸಂಕೇತಗಳೇ, ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತದೆ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಆ ಫಾಂಟನ್ನೇ ಕ್ಯಾನ್ವಾಕ್ಕೆ ಹಾಕೋಣ ಅಂದರೆ ಸ್ವಂತ ಫಾಂಟ್ ಏರಿಸುವುದು ಉಚಿತ ಆವೃತ್ತಿಯಲ್ಲಿಲ್ಲ. ಆದ್ದರಿಂದ ಮ್ಯಾಟರನ್ನು ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಯುನಿಕೋಡಿಗೆ ಬದಲಿಸಲೇಬೇಕು. ಅದಕ್ಕೆ ಪರಿವರ್ತಕಗಳು ಸಾಕಷ್ಟಿವೆ. ಬದಲಿಸಿದ ಮೇಲೆ ಸುಮ್ನೆ ಬಿಡಬೇಡಿ, ಅರ್ಕಾವತ್ತು ಇರುವ ಪದಗಳನ್ನು ಹುಡುಕಿ ಓದಿ: ಆಶೀರ್ವಾದ, ಮುಹೂರ್ತ, ಕರ್ಕಾಟಕ ಲಗ್ನ. ಪರಿವರ್ತಕ ಎಡವುವುದು ಹೆಚ್ಚಾಗಿ ಇಲ್ಲೇ. ಮುಹೂರ್ತ ತಪ್ಪಾಗಿ ಅಚ್ಚಾದರೆ ಮನೆಯ ಹಿರಿಯರು ಅದನ್ನು ಬರೀ ಕಾಗುಣಿತದ ತಪ್ಪು ಅಂತ ತಗೊಳ್ಳುವುದಿಲ್ಲ.

ಆಮೇಲೆ ಫಾಂಟ್. ಟೆಂಪ್ಲೇಟಿನಲ್ಲಿ ಚೆಂದದ ಇಂಗ್ಲಿಷ್ ಫಾಂಟ್ ಇರುತ್ತದೆ, ಅದರ ಮೇಲೆ ಕನ್ನಡ ಟೈಪ್ ಮಾಡಿದರೂ ಕನ್ನಡ ಕಾಣುತ್ತದೆ. ಹುಡುಗ ಫಾಂಟ್ ಬದಲಿಸಿ ಬದಲಿಸಿ ನೋಡಿದ್ದಾನೆ, ಕನ್ನಡ ಮಾತ್ರ ಒಂದೇ ಥರ. "ಅಣ್ಣಾ, ಯಾವ ಫಾಂಟ್ ಹಾಕಿದ್ರೂ ಹಂಗೇ ಇದೆ" ಅಂದ. ಆ ಫಾಂಟಿನಲ್ಲಿ ಕನ್ನಡದ ಅಕ್ಷರವೇ ಇಲ್ಲ, ಅದಕ್ಕೆ ಕ್ಯಾನ್ವಾ ತನ್ನ ಕಡೆಯಿಂದ ಒಂದು ಬದಲಿ ಕನ್ನಡ ಫಾಂಟನ್ನು ತಂದು ಕೂರಿಸುತ್ತದೆ. ಹೆಸರು ಒಂದು, ಅಕ್ಷರ ಇನ್ನೊಂದು. ಅಂಕಿಗಳು ಮತ್ತು ಚುಕ್ಕೆ, ಗೆರೆಗಳು ಇಂಗ್ಲಿಷ್ ಫಾಂಟಿನಿಂದ, ಅಕ್ಷರ ಬದಲಿ ಫಾಂಟಿನಿಂದ ಬಂದು, ಒಂದೇ ಸಾಲಿನಲ್ಲಿ ಎರಡು ಎತ್ತರ ಕಾಣುತ್ತದೆ. ಫಾಂಟ್ ಪಟ್ಟಿಯಲ್ಲಿ ಭಾಷೆ ಕನ್ನಡ ಅಂತ ಆರಿಸಿಕೊಂಡು, ಅಲ್ಲಿ ಬರುವುದರಲ್ಲೇ ಒಂದನ್ನು ತೆಗೆದುಕೊಳ್ಳುವುದು ಸರಿ. ನಾವು ಮ್ಯಾಟರಿಗೆ ನೋಟೊ ಸೆರಿಫ್ ಕನ್ನಡ, ವಧೂವರರ ಹೆಸರಿಗೆ ಬಾಲೂ ತಮ್ಮ ಇಟ್ಟೆವು. ಇನ್ನೊಂದು ಸಣ್ಣ ವಿಷಯ: ಶ್ರೀ ಗಣೇಶಾಯ ನಮಃ ಸಾಲಿನ ಎರಡೂ ತುದಿಗೆ ಹಾಕುವ ॥ ಗುರುತು ಯುನಿಕೋಡಿನಲ್ಲಿ ದೇವನಾಗರಿಯ ಸಾಲಿನಲ್ಲಿದೆ, ಹಲವು ಲಿಪಿಗಳು ಅದನ್ನೇ ಹಂಚಿಕೊಳ್ಳುತ್ತವೆ. ಕೆಲವು ಕನ್ನಡ ಫಾಂಟುಗಳಲ್ಲಿ ಅದು ಇರುವುದಿಲ್ಲ. ಆಗ ಆ ಎರಡು ಗೆರೆ ಮಾತ್ರ ಬೇರೆ ದಪ್ಪದಲ್ಲಿ ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ಟೆಂಪ್ಲೇಟಿನಲ್ಲಿ ತಲೆಬರಹದ ಸಾಲಂತರ 1 ಅಥವಾ ಅದಕ್ಕೂ ಕಡಿಮೆ ಇರುತ್ತದೆ, ಅಕ್ಷರಗಳ ನಡುವಿನ ಅಂತರ ಜಾಸ್ತಿ ಇರುತ್ತದೆ. ಕನ್ನಡಕ್ಕೆ ಸರಿಯಾಗಿ ಉಲ್ಟಾ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಂದು ತಾಗುತ್ತದೆ. ಈ ಕಾರ್ಡಿನಲ್ಲಿ "ಜ್ಯೋತ್ಸ್ನಾ ಕಲ್ಯಾಣ ಮಂಟಪ" ಅನ್ನುವ ಥರದ ಒಂದು ಸಾಲಿತ್ತು. ತ್ಸ್ನಾ ದಲ್ಲಿ ಸ ಒತ್ತು, ಅದರ ಜೊತೆ ನ ಒತ್ತು, ಎರಡೂ ಕೆಳಗೆ ಇಳಿದು ಮುಂದಿನ ಸಾಲಿನ "ಇಲ್ಲಿ ನೆರವೇರಲಿರುವ" ಅನ್ನುವುದರ ಮೇಲೆ ಕೂತಿದ್ದವು. ಸಾಲಂತರ ಒಂದೂವರೆಗೆ ಏರಿಸಿ, ಅಕ್ಷರದ ಅಂತರ ಸೊನ್ನೆಗೆ ಇಳಿಸಿದ ಮೇಲೆ ಬಿಡಿಸಿಕೊಂಡಿತು.

ಫೋಟೊ ಬಗ್ಗೆ ಸ್ವಲ್ಪ ಲೆಕ್ಕ ಬೇಕು. ಹಿಂಬದಿ ತುಂಬಾ ನಿಶ್ಚಿತಾರ್ಥದ ಫೋಟೊ. ಹುಡುಗನ ಹತ್ತಿರ ಇದ್ದದ್ದು ವಾಟ್ಸಾಪಿನಲ್ಲಿ ಬಂದ ಫೋಟೊ, ಅಡ್ಡಕ್ಕೆ ತೆಗೆದದ್ದು, 1600 ಬೈ 1066. ಕಾರ್ಡು ನಿಂತಿರುವುದು ಉದ್ದಕ್ಕೆ. ಹಾಗಾಗಿ ಫೋಟೊದ ಎರಡೂ ಪಕ್ಕ ಕತ್ತರಿಸಿ, ಅದರ 1066 ಪಿಕ್ಸೆಲ್ ಎತ್ತರವನ್ನು ಕಾರ್ಡಿನ ಎತ್ತರಕ್ಕೆ ಎಳೆಯಬೇಕು. ಕಟಿಂಗ್ ಜಾಗ ಸೇರಿ ಎಂಟೂಮುಕ್ಕಾಲು ಇಂಚು. 1066 ಅನ್ನು 8.75ರಿಂದ ಭಾಗಿಸಿದರೆ ಇಂಚಿಗೆ 122 ಪಿಕ್ಸೆಲ್. ಕೈಯಲ್ಲಿ ಹಿಡಿದು ನೋಡುವ ಕಾರ್ಡಿಗೆ 300 ಇದ್ದರೆ ಒಳ್ಳೆಯದು, 200ರ ಹತ್ತಿರ ಇದ್ದರೆ ಫೋಟೊ ಮಟ್ಟಿಗೆ ನಡೆಯುತ್ತದೆ, 122ರಲ್ಲಿ ರೇಷ್ಮೆ ಸೀರೆಯ ಜರಿ ಎಲ್ಲ ಕಲೆಸಿಹೋಗುತ್ತದೆ. ಕ್ಯಾನ್ವಾದ PDF Print ಆಯ್ಕೆ 300ರಲ್ಲಿ ಫೈಲ್ ಕೊಡುತ್ತದೆ ನಿಜ, ಆದರೆ ಫೋಟೊದಲ್ಲೇ ಇಲ್ಲದ ವಿವರವನ್ನು ಅದು ಹುಟ್ಟಿಸಿ ಕೊಡುವುದಿಲ್ಲ. ಫೋಟೊಗ್ರಾಫರ್ ಹತ್ತಿರ ಕೇಳಿ ಮೂಲ ಫೈಲನ್ನು ಡ್ರೈವ್ ಲಿಂಕಿನಲ್ಲಿ ತರಿಸಿಕೊಂಡ. 6000 ಬೈ 4000. ಈಗ ಇಂಚಿಗೆ 457 ಸಿಕ್ಕಿತು, ಬೇಕಾದ್ದಕ್ಕಿಂತ ಜಾಸ್ತಿಯೇ.

ಅಕ್ಷರಕ್ಕೆ ಇದೇ ಲೆಕ್ಕ ಇನ್ನೂ ಕಟ್ಟುನಿಟ್ಟು. ಅವನು ಮೊದಲು ಕಳಿಸಿದ ಚಿತ್ರವನ್ನೇ ಎಂಟೂವರೆ ಇಂಚಿಗೆ ಹಾಕಿದ್ದರೆ ಇಂಚಿಗೆ 188 ಪಿಕ್ಸೆಲ್. ಬಂಧುಗಳ ಹೆಸರು 9 ಪಾಯಿಂಟಿನಲ್ಲಿದೆ, ಅಂದರೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ಮೇಲಿನ ಗುಡಿಸಿನಿಂದ ಕೆಳಗಿನ ಒತ್ತಿನವರೆಗೆ ಎಲ್ಲ ಸೇರಿ 23 ಪಿಕ್ಸೆಲ್. ಅದರಲ್ಲಿ ಒತ್ತಿನ ಪಾಲಿಗೆ ಬರುವುದು ಐದಾರು ಪಿಕ್ಸೆಲ್. ಆ ಐದಾರು ಚುಕ್ಕೆಯಲ್ಲಿ ವ ಒತ್ತು ಯಾವುದು, ಪ ಒತ್ತು ಯಾವುದು ಅಂತ ಗೊತ್ತಾಗುವುದಿಲ್ಲ. ಇಂಗ್ಲಿಷ್ ಕಾರ್ಡು ಇದೇ ರೆಸಲ್ಯೂಷನ್ನಿನಲ್ಲಿ ಹೇಗೋ ದಾಟಿಬಿಡುತ್ತದೆ, ಕನ್ನಡ ದಾಟುವುದಿಲ್ಲ. ಅದಕ್ಕೇ ಅಕ್ಷರ ಪಿಕ್ಸೆಲ್ ಆಗದೆ, ಗೆರೆಯಾಗಿಯೇ, ಅಂದರೆ ವೆಕ್ಟರ್ ಆಗಿಯೇ ನಮ್ಮ ಕೈಗೆ ಬರಬೇಕು ಅಂತ ನಾನು ಹಟ ಹಿಡಿಯುವುದು. ಅದು ಪಿಡಿಎಫ್‌ನಲ್ಲಿ ಮಾತ್ರ ಆಗುತ್ತದೆ, ಜೆಪಿಜಿ ಪಿಎನ್‌ಜಿಯಲ್ಲಿ ಆಗುವುದಿಲ್ಲ.

ಕಟಿಂಗಿನ ಮಾತು. ಕಾರ್ಡುಗಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ, ಕಟ್ಟು ಕಟ್ಟಾಗಿ ಮಷೀನಿಗೆ ಇಡುತ್ತೇವೆ. ಒಂದು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಬಣ್ಣ ಸರಿಯಾಗಿ ಕಾರ್ಡಿನ ಅಂಚಿಗೆ ನಿಂತಿದ್ದರೆ ಆ ಒಂದು ಮಿಲಿಮೀಟರ್ ಬಿಳಿ ಗೆರೆಯಾಗಿ ಕಾಣುತ್ತದೆ. ಅದಕ್ಕೆ ಹಿನ್ನೆಲೆ ಬಣ್ಣವನ್ನೂ ಫೋಟೊವನ್ನೂ ಅಂಚಿನಿಂದ ಆಚೆಗೆ ಸುಮಾರು 3 ಮಿಲಿಮೀಟರ್ ಚಾಚಬೇಕು. ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಕ್ಯಾನ್ವಾದ File ಮೆನುವಿನ ಸೆಟ್ಟಿಂಗಿನಲ್ಲಿ Show print bleed ಅಂತಿದೆ, ಅದನ್ನು ಆನ್ ಮಾಡಿದರೆ ಪುಟದ ಸುತ್ತ ಚುಕ್ಕೆಗೆರೆಯ ಪಟ್ಟಿ ಕಾಣುತ್ತದೆ. ಚಿತ್ರವನ್ನು ಆ ಪಟ್ಟಿಯ ಹೊರ ಅಂಚಿನವರೆಗೆ ಎಳೆಯಬೇಕು. ಈ ಕಾರ್ಡಿನಲ್ಲಿ ಮಾವಿನೆಲೆಯ ತೋರಣದ ಜೊತೆ ಒಂದು ತೆಳು ಬಾರ್ಡರ್ ಗೆರೆ ಅಂಚಿನಿಂದ 2 ಮಿಲಿಮೀಟರ್ ಒಳಗೆ ಇತ್ತು. ಅದು ಅಪಾಯದ ಜಾಗ. ಕಟಿಂಗ್ ಒಂದು ಮಿಲಿಮೀಟರ್ ಜರುಗಿದರೆ ಒಂದು ಪಕ್ಕ ಒಂದು, ಇನ್ನೊಂದು ಪಕ್ಕ ಮೂರು ಮಿಲಿಮೀಟರ್ ಆಗಿ, ಕಾರ್ಡು ವಾರೆ ಇದ್ದ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಬಾರ್ಡರನ್ನು 7 ಮಿಲಿಮೀಟರ್ ಒಳಗೆ ತಂದೆವು. ಅಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಡೌನ್‌ಲೋಡ್ ಮಾಡುವ ಹಂತ ಬಂತು. Share, ಆಮೇಲೆ Download, ಫೈಲ್ ಬಗೆ PDF Print. PDF Standard ಬೇಡ, ಅದು ಪರದೆಗೆ ಮಾಡಿದ್ದು, 96 ರೆಸಲ್ಯೂಷನ್. ಕೆಳಗೆ Crop marks and bleed ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಗುರುತು ಹಾಕಬೇಕು. ಅದರ ಹತ್ತಿರ ಇನ್ನೊಂದು ಚೌಕ, Flatten PDF. ಈ ಇಡೀ ಬರಹದಲ್ಲಿ ನಿಜವಾಗಿ ಯೋಚನೆ ಮಾಡಬೇಕಾದ ಚೌಕ ಅದೊಂದೇ.

ಫ್ಲ್ಯಾಟನ್ ಮಾಡಿದರೆ ಇಡೀ ಪುಟ ಒಂದೇ ಚಿತ್ರವಾಗುತ್ತದೆ. ಅಕ್ಷರವೂ ಪಿಕ್ಸೆಲ್ ಆಗುತ್ತದೆ, 300ರಲ್ಲಿ. ಅನೇಕ ಪ್ರೆಸ್ಸಿನವರು ಕನ್ನಡದ ಫೈಲಿಗೆ ಇದನ್ನೇ ಮಾಡಿ ಅನ್ನುತ್ತಾರೆ, ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಪ್ರೆಸ್ಸುಗಳಲ್ಲಿ ಎಲ್ಲ ನಡೆಯುವುದು ಕೋರಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಮೇಲೆ. ಪಿಡಿಎಫ್ ಒಳಗೆ ಇರುವುದು ಅಕ್ಷರಗಳ ಆಕಾರ ಮತ್ತು ಅವು ಎಲ್ಲಿ ಕೂರಬೇಕು ಅನ್ನುವ ಲೆಕ್ಕ. ನಾವು ಟೈಪ್ ಮಾಡಿದ ಕ್ರಮ ಅದರಲ್ಲಿ ಸರಿಯಾಗಿ ಉಳಿದಿರುವುದಿಲ್ಲ, ಒತ್ತಿನ ಆಕಾರಕ್ಕೆ ಇದು ಯಾವ ಅಕ್ಷರ ಅನ್ನುವ ವಿವರವೂ ಎಷ್ಟೋ ಸಲ ಇರುವುದಿಲ್ಲ. ಕೋರಲ್ ಅದನ್ನು ಮತ್ತೆ ಟೈಪ್ ಮಾಡಿದ ಪಠ್ಯವಾಗಿ ಕಟ್ಟಲು ಹೋದಾಗ ಶ್ರೀ ಒಡೆದು ಶ, ರ, ಈ ಅಂತ ಚೆಲ್ಲಾಪಿಲ್ಲಿ ಆಗುತ್ತದೆ, ಕೆಲವು ಕಡೆ ಖಾಲಿ ಚೌಕ ಬರುತ್ತದೆ. ನಮ್ಮಲ್ಲೇ ಇನ್ನೊಬ್ಬರು ಈ ಫೈಲನ್ನು ಮೊದಲು ತೆರೆದಾಗ "ಸ್ವಸ್ತಿ ಶ್ರೀ" ಅನ್ನುವ ಸಾಲು ಹಾಗೇ ಬಂತು. ಹುಡುಗ ಪಕ್ಕದಲ್ಲೇ ಕೂತಿದ್ದ, ಗಾಬರಿಯಾಗಿ "ನಾನು ಕಳಿಸುವಾಗ ಸರಿ ಇತ್ತು ಅಣ್ಣಾ" ಅಂದ. ಸರಿಯೇ ಇತ್ತು. ಫೈಲ್ ತೆರೆಯುವಾಗ ಕೋರಲ್ ಒಂದು ಪ್ರಶ್ನೆ ಕೇಳುತ್ತದೆ, ಪಠ್ಯವನ್ನು Text ಆಗಿ ತರಲೋ Curves ಆಗಿ ತರಲೋ ಅಂತ. Curves ಅಂದರೆ ಅಕ್ಷರವನ್ನು ಅಕ್ಷರ ಅಂತ ನೋಡದೆ ಬರೀ ಗೆರೆಯ ಆಕೃತಿಯಾಗಿ ತೆಗೆದುಕೊಳ್ಳುತ್ತದೆ. ಅದನ್ನು ಆರಿಸಿ ಮತ್ತೆ ತೆರೆದೆವು. ಒಂದು ಒತ್ತೂ ಅಲುಗಲಿಲ್ಲ.

ಇಷ್ಟು ಸುಲಭದ ಪರಿಹಾರ ಇರುವಾಗ ಫ್ಲ್ಯಾಟನ್ ಯಾಕೆ ಮಾಡಬಾರದು ಅಂತೀನಿ ಅಂದರೆ, ಕಪ್ಪು ಬಣ್ಣಕ್ಕಾಗಿ. ಉಚಿತ ಕ್ಯಾನ್ವಾ ಫೈಲ್ ಕೊಡುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಬೆಳಕಿನ ಬಣ್ಣಗಳಲ್ಲಿ. ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆ ಆಯ್ಕೆ ದುಡ್ಡು ಕೊಟ್ಟವರಿಗೆ. ಅದರಿಂದ ಕೆಲಸ ನಿಲ್ಲುವುದಿಲ್ಲ, ನಾವೇ ಬದಲಿಸಿಕೊಳ್ಳುತ್ತೇವೆ. ಆದರೆ ಆರ್‌ಜಿಬಿಯ ಕಪ್ಪನ್ನು ಬದಲಿಸಿದಾಗ ಅದು ಬರೀ ಕಪ್ಪು ಶಾಯಿ ಆಗುವುದಿಲ್ಲ, ನಾಲ್ಕೂ ಶಾಯಿಯ ಮಿಶ್ರಣ ಆಗುತ್ತದೆ. ಫೋಟೊಶಾಪಿನ ಮಾಮೂಲಿ ಸೆಟ್ಟಿಂಗಿನಲ್ಲಿ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90. ದಪ್ಪ ತಲೆಬರಹಕ್ಕೆ ಪರವಾಗಿಲ್ಲ. 9 ಪಾಯಿಂಟಿನ ಕನ್ನಡಕ್ಕೆ ನಾಲ್ಕು ಸಲ ಒಂದರ ಮೇಲೊಂದು ಶಾಯಿ ಕೂರಬೇಕು, ಕೂದಲೆಳೆ ಜರುಗಿದರೂ ಅಕ್ಷರದ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ ನೆರಳು. ಒತ್ತಿನೊಳಗಿನ ಸಣ್ಣ ಕಿಂಡಿ ಮುಚ್ಚಿಹೋಗುತ್ತದೆ. ಆಫ್‌ಸೆಟ್‌ನಲ್ಲಿ ಇದು ಜಾಸ್ತಿ, ಡಿಜಿಟಲ್ ಮಷೀನಿನಲ್ಲಿ ಕಡಿಮೆ, ಆದರೂ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಅಕ್ಷರ ಕರ್ವ್ ಆಗಿ ಬಂದಿದ್ದರೆ ಕೋರಲ್‌ನಲ್ಲಿ ಎಲ್ಲ ಕಪ್ಪು ಅಕ್ಷರವನ್ನು ಹುಡುಕಿ ಆರಿಸಿ, ಬರೀ ಕಪ್ಪು 100, ಉಳಿದದ್ದು ಸೊನ್ನೆ ಅಂತ ಎರಡು ನಿಮಿಷದಲ್ಲಿ ಮಾಡಬಹುದು. ಫ್ಲ್ಯಾಟನ್ ಆಗಿ ಬಂದಿದ್ದರೆ ಅಕ್ಷರ ಹಿನ್ನೆಲೆಯ ಜೊತೆ ಬೆರೆತುಹೋಗಿರುತ್ತದೆ, ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ: ಫ್ಲ್ಯಾಟನ್ ಗುರುತು ಹಾಕದೆ ತೆಗೆಯಿರಿ, ಪ್ರೆಸ್ಸಿನವರಿಗೆ "ಕರ್ವ್ಸ್‌ನಲ್ಲಿ ತೆಗೀರಿ, ಮ್ಯಾಟರ್ ಸಿಂಗಲ್ ಬ್ಲ್ಯಾಕ್ ಮಾಡಿ" ಅಂತ ಒಂದು ಮಾತು ಹೇಳಿ. ಅವರು ಅದಕ್ಕೆ ಒಪ್ಪದಿದ್ದರೆ ಮಾತ್ರ ಫ್ಲ್ಯಾಟನ್ ಮಾಡಿದ ಇನ್ನೊಂದು ಪ್ರತಿ ಕೊಡಿ. ಒಡೆದ ಶ್ರೀಗಿಂತ ಸ್ವಲ್ಪ ಮಸುಕಾದ ಶ್ರೀ ವಾಸಿ.

ಫೈಲ್ ಸರಿಯಾಗಿ ಬಂದಿದೆಯೋ ಅಂತ ಮನೆಯಲ್ಲೇ ನೋಡಬಹುದು. ಅಡೋಬಿ ರೀಡರಿನಲ್ಲಿ ಪಿಡಿಎಫ್ ತೆರೆದು ಬಂಧುಗಳ ಹೆಸರಿನ ಮೇಲೆ ಶೇಕಡಾ 400ಕ್ಕೆ ಹಿಗ್ಗಿಸಿ. ಅಂಚು ಚೂಪಾಗಿಯೇ ಇದ್ದರೆ ವೆಕ್ಟರ್. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಚಿತ್ರ. ಇನ್ನೂ ಖಚಿತ ಬೇಕಾದರೆ ಫೈಲಿನ Properties ತೆರೆದು Fonts ಅನ್ನುವ ಕಡೆ ನೋಡಿ, ನೀವು ಬಳಸಿದ ಫಾಂಟಿನ ಹೆಸರು Embedded ಅನ್ನುವ ಗುರುತಿನ ಜೊತೆ ಕಾಣಬೇಕು. ಪಟ್ಟಿ ಖಾಲಿ ಇದ್ದರೆ ಪುಟ ಫ್ಲ್ಯಾಟನ್ ಆಗಿದೆ ಅಂತ ಅರ್ಥ. ಅದೇ ಕಿಟಕಿಯಲ್ಲಿ ಪುಟದ ಅಳತೆಯೂ ಇರುತ್ತದೆ. ಬ್ಲೀಡ್ ಮತ್ತು ಕತ್ತರಿ ಗುರುತು ಸೇರಿರುವುದರಿಂದ ಐದೂವರೆ ಬೈ ಎಂಟೂವರೆಗಿಂತ ಸ್ವಲ್ಪ ದೊಡ್ಡದು ತೋರಿಸಬೇಕು. ಸರಿಯಾಗಿ ಅಷ್ಟೇ ತೋರಿಸಿದರೆ ಬ್ಲೀಡ್ ಬಂದಿಲ್ಲ. ಟೆಂಪ್ಲೇಟಿನಲ್ಲಿ ಕಿರೀಟದ ಗುರುತಿರುವ ಹೂವೋ ದೀಪವೋ ಉಳಿದಿದ್ದರೆ ಅದರ ಮೇಲೆ ವಾಟರ್‌ಮಾರ್ಕ್ ಇರುತ್ತದೆ, ಅದನ್ನೂ ಇದೇ ಸಲ ನೋಡಿಬಿಡಿ. ಫೈಲ್ ಕಳಿಸುವಾಗ ಮೇಲ್ ಅಥವಾ ಡ್ರೈವ್ ಲಿಂಕ್. ವಾಟ್ಸಾಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಅದು ಫೈಲನ್ನು ಮುಟ್ಟುವುದಿಲ್ಲ.

ಬಣ್ಣದ ವಿಷಯದಲ್ಲಿ ಹುಡುಗನಿಗೆ ಬೇಸರ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹೆಸರುಗಳಿಗೆ ಕ್ಯಾನ್ವಾದ ಚಿನ್ನದ ಬಣ್ಣ ಹಾಕಿದ್ದ, ಹಿನ್ನೆಲೆಗೆ ಕಡು ಗಿಳಿಹಸಿರು. ಪ್ರೂಫ್ ಹಾಳೆ ಮಷೀನಿನಿಂದ ಹೊರಬಂದಾಗ ಚಿನ್ನ ಸಾಸಿವೆ ಬಣ್ಣಕ್ಕೆ ತಿರುಗಿತ್ತು, ಗಿಳಿಹಸಿರು ಬಾಡಿತ್ತು. "ಫೋನಲ್ಲಿ ಹೊಳೀತಿತ್ತಲ್ಲ ಅಣ್ಣಾ?" ಹೊಳೆಯುತ್ತಿದ್ದದ್ದು ಪರದೆಯ ಬೆಳಕು. ನಾಲ್ಕು ಶಾಯಿಯಲ್ಲಿ ಹೊಳಪು ಅನ್ನುವ ಬಣ್ಣ ಇಲ್ಲ, ಇರುವುದು ಹಳದಿ ಕಂದು ಮಾತ್ರ. ನಿಜವಾದ ಚಿನ್ನದ ಹೊಳಪು ಬೇಕಾದರೆ ಗೋಲ್ಡ್ ಫಾಯಿಲ್ ಹಾಕಿಸಬೇಕು ಅಥವಾ ಗೋಲ್ಡ್ ಇಂಕಿನಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಬೇಕು, ಎರಡಕ್ಕೂ ಬೇರೆ ಖರ್ಚು, ಮತ್ತು ಆ ಭಾಗವನ್ನು ಬರೀ ಕಪ್ಪಿನಲ್ಲಿ ಬೇರೆ ಪುಟವಾಗಿ ಮಾಡಿಕೊಡಬೇಕು. ಅವರು ಅಷ್ಟು ಬೇಡ ಅಂದರು. ಹಿನ್ನೆಲೆಯನ್ನು ತಿಳಿ ಕೆನೆ ಬಣ್ಣ ಮಾಡಿ, ಹೆಸರುಗಳನ್ನು ಕುಂಕುಮದ ಕೆಂಪಿಗೆ ತಂದೆವು, ತೋರಣಕ್ಕೆ ಕಡುಹಸಿರು. ಕೆಂಪು, ಹಳದಿ, ಕಡುಹಸಿರು ಶಾಯಿಯಲ್ಲಿ ಚೆನ್ನಾಗಿ ಕೂರುತ್ತವೆ. ಬಾಡುವುದು ಹೊಳೆಯುವ ರಾಣಿ ಪಿಂಕು, ಗಿಳಿಹಸಿರು, ಮಿಂಚುವ ನೀಲಿ. ಶುರುವಿನಲ್ಲೇ ಇವುಗಳನ್ನು ಬಿಟ್ಟರೆ ಆರ್‌ಜಿಬಿಯಿಂದ ಆಗುವ ನಷ್ಟದಲ್ಲಿ ಹೆಚ್ಚಿನ ಪಾಲು ತಪ್ಪಿದ ಹಾಗೆ.

ಎರಡನೇ ಪ್ರೂಫನ್ನು ಕೊನೆಗೆ ಅಚ್ಚಿಗೆ ಬಳಸುವ ಅದೇ 300 ಜಿಎಸ್‌ಎಂ ಆರ್ಟ್ ಕಾರ್ಡಿನ ಮೇಲೆ ತೆಗೆದು, ಕತ್ತರಿಸಿ, ಕವರಿಗೆ ಹಾಕಿ ಕೊಟ್ಟೆ. ಮನೆಗೆ ಒಯ್ದು ಅಜ್ಜನ ಕೈಯಲ್ಲಿ ಓದಿಸಿಕೊಂಡು ಬನ್ನಿ ಅಂದೆ. ಕಾರಣ ಇದೆ: ಕರ್ವ್ ಆದ ಮೇಲೆ ನಾವು ಒಂದು ಅಕ್ಷರವನ್ನೂ ತಿದ್ದಲು ಬರುವುದಿಲ್ಲ. ಏನೇ ತಿದ್ದುಪಡಿ ಇದ್ದರೂ ಕ್ಯಾನ್ವಾಕ್ಕೆ ಹೋಗಿ, ಅಲ್ಲಿ ಬದಲಿಸಿ, ಮತ್ತೆ ಪಿಡಿಎಫ್ ತೆಗೆಯಬೇಕು. ಅಜ್ಜ ಆರತಕ್ಷತೆಯ ಸಮಯದಲ್ಲಿ ಒಂದು ತಪ್ಪು, ಒಬ್ಬ ಸೋದರಮಾವನ ಇನಿಷಿಯಲ್ಲಿನಲ್ಲಿ ಒಂದು ತಪ್ಪು ಹಿಡಿದರು. ಹುಡುಗ ಫೋನಿನಲ್ಲೇ ತಿದ್ದಿ, ಮುಂಬದಿಯ ಪುಟವನ್ನಷ್ಟೇ ಮತ್ತೆ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸಿದ. ಹೊಸ ಫೈಲಾದ್ದರಿಂದ ಕಪ್ಪನ್ನು ಮತ್ತೆ ಸಿಂಗಲ್ ಬ್ಲ್ಯಾಕ್ ಮಾಡಬೇಕಾಯಿತು. ಇದನ್ನು ಪ್ರೆಸ್ಸಿನವರಿಗೆ ಇನ್ನೊಂದು ಸಲ ನೆನಪಿಸುವುದು ಒಳ್ಳೆಯದು, ಗಡಿಬಿಡಿಯಲ್ಲಿ ಬಿಟ್ಟುಹೋಗುವ ಹಂತ ಇದು.

ವಾಟ್ಸಾಪಿನಲ್ಲಿ ಹಂಚಲು ಅವರಿಗೆ ಚಿತ್ರವೂ ಬೇಕಿತ್ತು. ಅದಕ್ಕೆ ಬೇರೆ ಡಿಸೈನ್ ಮಾಡಬೇಕಾಗಿಲ್ಲ. ಅದೇ ಫೈಲಿನಿಂದ ಪಿಎನ್‌ಜಿ ತೆಗೆದರೆ ಬ್ಲೀಡ್, ಕತ್ತರಿ ಗುರುತು ಯಾವುದೂ ಬರುವುದಿಲ್ಲ, ಕಾರ್ಡಿನಷ್ಟೇ ಬರುತ್ತದೆ. ಬೇಕಾದರೆ ಡಿಸೈನಿನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಗಿಳಿಹಸಿರು, ಚಿನ್ನದ ಬಣ್ಣ ಹಾಕಿಕೊಳ್ಳಿ ಅಂದೆ, ಪರದೆಯ ಮೇಲೆ ಅವು ಹೊಳೆಯುತ್ತವೆ.